ಹಳೆಯ ಫೋಟೋಗೆ ತಾತನನ್ನು ಸೇರಿಸೋದು ಹೇಗೆ: ನಾಲ್ಕು ದಾರಿ, ಯಾವುದು ಯಾರಿಗೆ?

ನಮ್ಮ ಅಜ್ಜಿ ಹತ್ತಿರ ಒಂದು ಕುಟುಂಬದ ಫೋಟೋ ಇದೆ. ಕಪ್ಪು-ಬಿಳುಪು, 8 ಇಂಚು ಅಗಲ, 6 ಇಂಚು ಎತ್ತರ. ಮನೆ ಗೋಡೆಯ ಮುಂದೆ ಒಂಬತ್ತು ಜನ. ನಾಲ್ವರು ಮುಂದೆ ಕುರ್ಚಿ ಮೇಲೆ ಕೂತಿದ್ದಾರೆ, ಐವರು ಹಿಂದೆ ನಿಂತಿದ್ದಾರೆ. ತಾತ ಅದರಲ್ಲಿ ಇಲ್ಲ. ಯಾಕೆಂದರೆ ಆ ಫೋಟೋ ತೆಗೆದದ್ದೇ ತಾತ.

ತಾತ ಹೋದ ಮೇಲೆ ಒಂದು ದಿನ ಅಜ್ಜಿ ಅದನ್ನು ಕೈಯಲ್ಲಿ ಹಿಡಿದುಕೊಂಡು, "ಎಲ್ಲರೂ ಇದ್ದೀವಿ, ಅವರೊಬ್ಬರೇ ಇಲ್ಲ ನೋಡು" ಅಂದರು. ಅಷ್ಟೇ ಅಂದದ್ದು. ನಾನು ಆಗಲೇ ಮನಸ್ಸಿನಲ್ಲಿ ತಾತನನ್ನು ಎಲ್ಲಿ ನಿಲ್ಲಿಸಬಹುದು ಅಂತ ನೋಡುತ್ತಿದ್ದೆ. ಅಜ್ಜಿಯ ಬೆನ್ನ ಹಿಂದೆ, ಅತ್ತೆಗೂ ಚಿಕ್ಕಪ್ಪನಿಗೂ ಮಧ್ಯೆ, ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು.

ಆ ಕೆಲಸ ಮುಗಿಯೋಕೆ ಒಂದೂವರೆ ತಿಂಗಳು ಹಿಡಿಯಿತು. ನಾಲ್ಕು ದಾರಿ ನೋಡಿದೆ, ಎರಡರಲ್ಲಿ ಸೋತೆ. ಇಂಥದ್ದೇ ಕೆಲಸ ಇಟ್ಟುಕೊಂಡು ಫೋನಲ್ಲಿ ಮಾಡಲಾ, ದುಡ್ಡು ಕೊಟ್ಟು ಮಾಡಿಸಲಾ, ನಾನೇ ಕೂತು ಮಾಡಲಾ ಅಂತ ಒದ್ದಾಡುತ್ತಿರುವವರು ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದಾರಿ ಆಮೇಲೆ, ಮೊದಲು ಇವನ್ನು ನೋಡಿ

ಎಲ್ಲರೂ ಮೊದಲು ಕೇಳೋದು "ಯಾವ ಆಪ್ ಒಳ್ಳೇದು" ಅಂತ. ಆದರೆ ಕೆಲಸ ಕೂಡಿಬರುತ್ತದೋ ಇಲ್ಲವೋ ಅನ್ನೋದನ್ನು ಜಾಸ್ತಿ ನಿರ್ಧರಿಸೋದು ತಾತನ ಯಾವ ಫೋಟೋ ನಿಮ್ಮ ಹತ್ತಿರ ಇದೆ ಅನ್ನೋದು. ಅದರಲ್ಲೂ ಮೊದಲು ನೋಡಬೇಕಾದ್ದು ಬೆಳಕು.

ಗುಂಪಿನ ಫೋಟೋದಲ್ಲಿ ಯಾರದ್ದಾದರೂ ಮೂಗು ನೋಡಿ. ಮೂಗಿನ ನೆರಳು ಯಾವ ಕಡೆ ಬಿದ್ದಿದೆ? ನೆರಳಿನ ಅಂಚು ಕತ್ತರಿಸಿದ ಹಾಗೆ ಇದೆಯಾ, ಅಥವಾ ಮೆಲ್ಲಗೆ ಕರಗಿದೆಯಾ? ನಮ್ಮ ಫೋಟೋದಲ್ಲಿ ಎಲ್ಲರ ಮುಖದ ಬಲಭಾಗ (ನಾವು ನೋಡುವಾಗಿನ ಬಲ) ಬೆಳ್ಳಗಿದೆ, ಮೂಗಿನ ನೆರಳು ಎಡಕ್ಕೆ ಬಿದ್ದಿದೆ, ಹಿಂದಿನ ಸಾಲಿನವರ ತಲೆಯ ನೆರಳೂ ಗೋಡೆ ಮೇಲೆ ಎಡಕ್ಕೇ ಇದೆ. ಬಿಸಿಲು ಬಲಗಡೆಯಿಂದ ಬರುತ್ತಿತ್ತು. ಫೋಟೋ ತೆಗೆದವರ ಬೆನ್ನ ಹಿಂದಿನಿಂದ, ಸ್ವಲ್ಪ ತಗ್ಗಿನಲ್ಲಿ.

ಇಷ್ಟು ಖಾತ್ರಿಯಾಗಿ ಹೇಗೆ ಗೊತ್ತಾಯಿತು ಅಂದರೆ, ಸ್ಕ್ಯಾನ್ ಮಾಡಿದ ಮೇಲೆ ದೊಡ್ಡದು ಮಾಡಿ ನೋಡುವಾಗ ಫೋಟೋದ ಕೆಳ ಅಂಚಿನಲ್ಲಿ ಒಂದು ಕಪ್ಪು ಆಕಾರ ಕಂಡಿತು. ಅದುವರೆಗೂ ನಾನು ಅದನ್ನು ನೀರು ಬಿದ್ದ ಕಲೆ ಅಂದುಕೊಂಡಿದ್ದೆ. ಅಲ್ಲ. ಒಂದು ತಲೆ, ಎರಡೂ ಕಡೆ ಮೇಲೆತ್ತಿದ ಮೊಣಕೈ. ಕ್ಯಾಮೆರಾ ಹಿಡಿದ ತಾತನ ನೆರಳು, ನೆಲದ ಮೇಲೆ, ಸ್ವಲ್ಪ ಎಡಕ್ಕೆ ವಾಲಿಕೊಂಡು.

ಎರಡನೆಯದು ಅಳತೆ. ಗುಂಪಿನಲ್ಲಿರುವವರ ತಲೆಗಿಂತ ನಿಮ್ಮ ಹತ್ತಿರ ಇರುವ ತಾತನ ಫೋಟೋದಲ್ಲಿ ತಲೆ ದೊಡ್ಡದಿರಬೇಕು. ದೊಡ್ಡದನ್ನು ಚಿಕ್ಕದು ಮಾಡಿದರೆ ಏನೂ ಹಾಳಾಗಲ್ಲ, ಸಣ್ಣಪುಟ್ಟ ಮಸುಕು ಕೂಡ ಮಾಯವಾಗುತ್ತದೆ. ಚಿಕ್ಕದನ್ನು ದೊಡ್ಡದು ಮಾಡಿದರೆ ಇಲ್ಲದ ವಿವರ ಬರಲ್ಲ, ಮುಖ ಬರೀ ಮಸಿ ಹಚ್ಚಿದ ಹಾಗೆ ಕಾಣುತ್ತದೆ. ಒಂದೂಕಾಲು ಪಟ್ಟಿನವರೆಗೆ ದೊಡ್ಡದು ಮಾಡಿದರೆ ಕಣ್ಣಿಗೆ ಗೊತ್ತಾಗಲ್ಲ, ಅದಕ್ಕಿಂತ ಮೇಲೆ ನಾನು ಹೋಗಲ್ಲ.

ಮೂರನೆಯದು ವಯಸ್ಸು. ಆ ಗುಂಪಿನ ಫೋಟೋ ತೆಗೆದಾಗ ತಾತನಿಗೆ ಹತ್ತಿರ ಹತ್ತಿರ 50. ಮನೆಯಲ್ಲಿ ಸುಲಭವಾಗಿ ಸಿಕ್ಕಿದ್ದು ಅವರ 70ರ ವಯಸ್ಸಿನ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಅದನ್ನು ಸೇರಿಸಿದರೆ ಅಜ್ಜಿ 45ರಲ್ಲಿ, ಪಕ್ಕದಲ್ಲಿ ತಾತ 70ರಲ್ಲಿ. ನೋಡಿದವರಿಗೆ ಅಜ್ಜಿಯ ಅಪ್ಪ ಅನ್ನಿಸುತ್ತದೆ, ಅಲ್ವಾ?

ಇನ್ನು ಎರಡು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಬೇಕಾದವು. ಇದು ಫೋನಿನಲ್ಲಿ ನೋಡೋಕಾ, ಅಥವಾ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಕಾ? ಮತ್ತೆ, ನಿಮ್ಮ ಹತ್ತಿರ ಜಾಸ್ತಿ ಇರೋದು ದುಡ್ಡಾ, ಸಮಯನಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ದಾರಿ ತಾನಾಗಿಯೇ ಕಡಿಮೆಯಾಗುತ್ತದೆ.

ಒಂದು ಮಾತು, ಯಾವ ದಾರಿ ಹಿಡಿದರೂ. ಮೂಲ ಫೋಟೋವನ್ನು ಮುಟ್ಟಬೇಡಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳೋಕೆ ಹೋಗಬೇಡಿ, ಮೇಲಿನ ಪದರವೇ ಎದ್ದು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಇಡಿ. ಸ್ಕ್ಯಾನ್ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯ ಹಾಗೆ ಮಾಡಿ, ಟಿಫ್ ಫೈಲ್ ಆಗಿ ಉಳಿಸಿ. ಕಪ್ಪು-ಬಿಳುಪು ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಯಾಕೆಂದರೆ ಹಳದಿ ಕಲೆಗಳು ಬಣ್ಣದಲ್ಲಿ ಬೇರೆಯಾಗಿ ಕಾಣುತ್ತವೆ, ತೆಗೆಯೋದು ಸುಲಭ.

ಫೋನಿನ ಆಪ್

ನಾನೂ ಎಲ್ಲರ ಹಾಗೆ ಇಲ್ಲಿಂದಲೇ ಶುರು ಮಾಡಿದೆ. ಗುಂಪಿನ ಫೋಟೋವನ್ನು ಫೋನಲ್ಲೇ ಕ್ಲಿಕ್ ಮಾಡಿ, ತಾತನ ಫೋಟೋದಿಂದ ಅವರನ್ನು ಕತ್ತರಿಸಿ, ಖಾಲಿ ಜಾಗದಲ್ಲಿ ಅಂಟಿಸಿದೆ. ಹತ್ತು ನಿಮಿಷದ ಕೆಲಸ. ಫೋನಿನ ಪರದೆ ಮೇಲೆ ಪರವಾಗಿಲ್ಲ ಅನ್ನಿಸಿತು. ಸಂಬಂಧಿಕರ ಗುಂಪಿಗೆ ಕಳಿಸೋಕೆ, ತಾತ ಇಲ್ಲಿ ನಿಂತರೆ ಹೇಗಿರುತ್ತೆ ಅಂತ ಅಂದಾಜು ಮಾಡೋಕೆ ಇಷ್ಟು ಸಾಕು. ಖರ್ಚೂ ಇಲ್ಲ.

ಅದನ್ನೇ ಪ್ರಿಂಟ್ ಹಾಕಿಸಿದಾಗ ಬಣ್ಣ ಬಯಲಾಯಿತು. ಕೂದಲಿನ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗಿತ್ತು, ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ. ಗುಂಪಿನ ಫೋಟೋ ಮಾಸಿ ಬೂದು ಬಣ್ಣಕ್ಕೆ ತಿರುಗಿದೆ, ತಾತ ಮಾತ್ರ ಕಡುಗಪ್ಪು ಕೂದಲು, ಬೆಳ್ಳನೆ ಅಂಗಿಯಲ್ಲಿ ಎದ್ದು ನಿಂತಿದ್ದರು. ನಾನು ನೋಡಿದ ಆಪ್‌ಗಳಲ್ಲಿ ಕತ್ತರಿಸಿ ಅಂಟಿಸೋದು ಚೆನ್ನಾಗಿಯೇ ಇರುತ್ತದೆ. ಆದರೆ ಅಂಟಿಸಿದ್ದನ್ನು ಸುತ್ತಲಿನ ಫೋಟೋಗೆ ಹೊಂದಿಸುವ ಹಿಡಿತ ಇರೋದು ಕಡಿಮೆ. ಫೋನಲ್ಲೇ ನೋಡಿ ಮುಗಿಸುವ ಕೆಲಸವಾದರೆ ಇದನ್ನೇ ಮಾಡಿ, ತಪ್ಪೇನಿಲ್ಲ. ಗೋಡೆಗೆ ಹಾಕೋದಾದರೆ ಬೇಡ.

ಬಲ್ಲವರ ಕೈಗೆ ಕೊಡೋದು

ಫೋಟೋ ತಿದ್ದುವ ಕೆಲಸವನ್ನೇ ವೃತ್ತಿ ಮಾಡಿಕೊಂಡವರು ಇದ್ದಾರೆ. ಕೈ ಪಳಗಿದವರಾದರೆ ನಾನು ಒಂದು ತಿಂಗಳು ಒದ್ದಾಡಿದ್ದನ್ನು ಅವರು ಒಂದು ದಿನದಲ್ಲಿ ನನಗಿಂತ ಚೆನ್ನಾಗಿ ಮಾಡುತ್ತಾರೆ. ಸಮಯ ಇಲ್ಲ, ಕಂಪ್ಯೂಟರ್ ಅಭ್ಯಾಸ ಇಲ್ಲ, ಆದರೆ ಸ್ವಲ್ಪ ಖರ್ಚು ಮಾಡಬಹುದು ಅನ್ನುವವರಿಗೆ ಇದೇ ಸರಿ.

ಆದರೆ ಅವರಿಗೆ ನಿಮ್ಮ ತಾತ ಗೊತ್ತಿಲ್ಲ. ಇದನ್ನು ನಾನು ಎರಡನೇ ಸೋಲಿನಲ್ಲಿ ಕಲಿತೆ. ಒಬ್ಬರಿಗೆ ಎರಡು ಫೈಲ್ ಕಳಿಸಿ, "ಇವರನ್ನು ಇಲ್ಲಿ ಸೇರಿಸಿ" ಅಂತ ಒಂದೇ ಸಾಲು ಬರೆದಿದ್ದೆ. ಮಾದರಿ ಬಂತು. ಅಂಚುಗಳು ಸೊಗಸಾಗಿ ಕೂತಿದ್ದವು, ಬಣ್ಣವೂ ಹೊಂದಿತ್ತು. ಆದರೆ ತಾತನ ಹಣೆಯ ಗೆರೆ ಒಂದೂ ಇರಲಿಲ್ಲ, ಕೆನ್ನೆ ನುಣ್ಣಗಿತ್ತು. ತಾತ ಎಂದೂ ಹಾಕದ ಕೋಟು ಮೈಮೇಲೆ ಬಂದಿತ್ತು. ಮತ್ತೆ ಕೆಳಗಿನ ಆ ನೆರಳು ಮಾಯ. ಕಲೆ ಅಂದುಕೊಂಡು ಅಳಿಸಿಬಿಟ್ಟಿದ್ದರು. ಅವರನ್ನು ದೂರಿ ಪ್ರಯೋಜನ ಇಲ್ಲ, ವರ್ಷಗಟ್ಟಲೆ ನಾನೂ ಅದನ್ನು ಕಲೆ ಅಂದುಕೊಂಡಿದ್ದವನೇ. ನಾನು ಹೇಳಬೇಕಿತ್ತು, ಹೇಳಿರಲಿಲ್ಲ.

ಹಾಗಾಗಿ ಕೊಡುವಾಗ ಬರೆದು ಕೊಡಿ. ಮುಖದ ಗೆರೆ, ಮಚ್ಚೆ, ಗಾಯದ ಗುರುತು ಯಾವುದನ್ನೂ ತೆಗೆಯಬೇಡಿ. ಬಟ್ಟೆ ಬದಲಿಸಬೇಡಿ. ಗುಂಪಿನ ಫೋಟೋದಲ್ಲಿ ಏನನ್ನಾದರೂ ಅಳಿಸುವ ಮುಂಚೆ ಕೇಳಿ. ತಾತ ಯಾರಿಗಿಂತ ಎಷ್ಟು ಎತ್ತರ ಇದ್ದರು ಅಂತ ಹೇಳಿ. ತಾತನ ಬೇರೆ ಮೂರು ನಾಲ್ಕು ಫೋಟೋನೂ ಕೊಡಿ, ಸೇರಿಸೋಕಲ್ಲ, ಮುಖದ ಪರಿಚಯ ಆಗೋಕೆ. ಎಷ್ಟು ಸಲ ತಿದ್ದಿಕೊಡುತ್ತಾರೆ ಅನ್ನೋದನ್ನು ದುಡ್ಡು ಕೊಡುವ ಮುಂಚೆಯೇ ಮಾತಾಡಿಕೊಳ್ಳಿ, ಮತ್ತೆ ಕೊನೆಗೆ ತಾತನೂ ಗುಂಪೂ ಬೇರೆ ಬೇರೆ ಪದರದಲ್ಲಿ, ಅಂದರೆ ಲೇಯರ್‌ನಲ್ಲಿ, ಇರುವ ಫೈಲ್ ಕೂಡ ಬೇಕು ಅಂತ ಕೇಳಿ. ನಾಳೆ ಏನಾದರೂ ಚಿಕ್ಕದೊಂದು ಬದಲಿಸಬೇಕು ಅಂದರೆ ಮೊದಲಿಂದ ಶುರು ಮಾಡೋದು ತಪ್ಪುತ್ತದೆ.

ನಾನು ಎರಡನೇ ಮಾದರಿ ಕೇಳಲಿಲ್ಲ. ಆ ನುಣ್ಣನೆ ಮುಖ ನೋಡಿದ ಮೇಲೆ ಬೇರೆಯವರ ಕೈಗೆ ಕೊಡೋಕೆ ಮನಸ್ಸೇ ಬರಲಿಲ್ಲ.

ನಾವೇ ಕೂತು ಮಾಡೋದು

ಗಿಂಪ್ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು. ದುಡ್ಡು ಖರ್ಚಾಗಲ್ಲ, ಆದರೆ ಸಮಯ ಬೇಕು. ಮೊದಲ ಸಲ ಮಾಡುವವರು ನಾಲ್ಕೈದು ರಜಾದಿನ ಇಟ್ಟುಕೊಳ್ಳಿ. ಅದರ ಬಹುಪಾಲು ಹೋಗೋದು ಅಂಟಿಸೋದಕ್ಕಲ್ಲ, ಹೊಂದಿಸೋದಕ್ಕೆ.

ನನ್ನ ಹತ್ತಿರ ತಾತನ ಮೂರು ಫೋಟೋ ಇದ್ದವು. ಪಾಸ್‌ಪೋರ್ಟ್ ಅಳತೆಯದ್ದು ವಯಸ್ಸಿನ ಕಾರಣಕ್ಕೆ ಹೋಯಿತು. ಎರಡನೆಯದು ಸ್ಟುಡಿಯೋದಲ್ಲಿ ತೆಗೆಸಿದ ಎದೆಮಟ್ಟದ ಫೋಟೋ, ವಯಸ್ಸು ಸರಿಹೊಂದುತ್ತಿತ್ತು, ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಮೂರನೆಯದು ಬಾಗಿಲ ಹತ್ತಿರ ನೆರಳಿನಲ್ಲಿ ನಿಂತದ್ದು, ಸ್ವಲ್ಪ ಅಲುಗಾಡಿದೆ. ಯಾರೇ ಆದರೂ ಎರಡನೆಯದನ್ನೇ ಆರಿಸುತ್ತಾರೆ. ನಾನೂ ಆರಿಸಿದೆ.

ಅದರಲ್ಲಿ ಬೆಳಕು ಎಡಗಡೆಯಿಂದ ಇತ್ತು, ಜೋರಾಗಿ. ಗುಂಪಿನಲ್ಲಿ ಬಲಗಡೆಯಿಂದ. ಸರಿ, ತಾತನ ಫೋಟೋವನ್ನು ಎಡಬಲ ತಿರುಗಿಸಿಬಿಟ್ಟೆ. ಬೆಳಕು ಹೊಂದಿತು. ನಾಲ್ಕು ದಿನ ಕೂತು ಉಳಿದದ್ದೆಲ್ಲ ಮಾಡಿ, ಅಜ್ಜಿಯನ್ನು ಕರೆದು ತೋರಿಸಿದೆ.

ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಯಾರೋ ಇದು?" ಅಂದರು.

"ತಾತ, ಅಜ್ಜಿ."

"ಅವರ ಹಾಗೇ ಇದೆ, ಆದರೆ ಅವರಲ್ಲ. ಬೈತಲೆ ಈ ಕಡೆ ಯಾವಾಗ ತೆಗೀತಿದ್ರು? ಜೇಬು ಯಾಕೋ ಈ ಕಡೆ ಬಂದಿದೆ?"

ಅಂಗಿಯ ಜೇಬು, ಅದರಲ್ಲಿದ್ದ ಪೆನ್ನು, ಗುಂಡಿಯ ಪಟ್ಟಿ, ಬೈತಲೆ, ಎಲ್ಲವೂ ಆಚೀಚೆ ಆಗಿದ್ದವು. ಜೇಬನ್ನು ತಿದ್ದಬಹುದು. ಮುಖವನ್ನು ಆಗಲ್ಲ. ಯಾರ ಮುಖವೂ ಎಡಬಲ ಒಂದೇ ಥರ ಇರಲ್ಲ, ಒಂದು ಹುಬ್ಬು ಮೇಲೆ ಇರುತ್ತದೆ, ತುಟಿ ಒಂದು ಕಡೆ ಜಾಸ್ತಿ ಏಳುತ್ತದೆ. ನನಗದು ಕಾಣಲಿಲ್ಲ. ಇಡೀ ಬಾಳು ಆ ಮುಖವನ್ನೇ ಎದುರಿಗೆ ನೋಡಿದವರಿಗೆ ಒಂದು ನಿಮಿಷ ಸಾಕಾಯಿತು. ದಯವಿಟ್ಟು ತಿರುಗಿಸಬೇಡಿ. ಬೆಳಕು ಉಲ್ಟಾ ಇದ್ದರೆ ಆ ಫೋಟೋನೇ ಬಿಡಿ.

ಹಾಗೆ ಮೂರನೆಯದಕ್ಕೆ ಬಂದೆ. ನೆರಳಿನಲ್ಲಿ ತೆಗೆದ ಫೋಟೋದಲ್ಲಿ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬಂದಿರುತ್ತದೆ, ಮುಖದ ಮೇಲೆ ಗಟ್ಟಿ ನೆರಳು ಇರಲ್ಲ. ಇಲ್ಲದ ನೆರಳನ್ನು ಹಾಕಬಹುದು, ಗಟ್ಟಿಯಾಗಿ ಇರುವ ನೆರಳನ್ನು ತೆಗೆಯೋದು ಕಷ್ಟ, ಯಾಕೆಂದರೆ ಅದರ ಒಳಗೆ ಚರ್ಮದ ವಿವರವೇ ಉಳಿದಿರಲ್ಲ. ಇಷ್ಟು ಗೊತ್ತಿದ್ದರೆ ನಾನು ಆ ನಾಲ್ಕು ದಿನ ಉಳಿಸಿಕೊಳ್ಳುತ್ತಿದ್ದೆ. ಅದು ಅಲುಗಾಡಿದ್ದ ಬಗ್ಗೆ ಭಯ ಇತ್ತು. ಲೆಕ್ಕ ಹಾಕಿದ ಮೇಲೆ ಅದೂ ಹೋಯಿತು.

ಲೆಕ್ಕ ಸುಲಭ. ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿನವರ ತಲೆ, ಗಲ್ಲದಿಂದ ನೆತ್ತಿಯವರೆಗೆ, 11 ಮಿಲಿಮೀಟರ್. 600 ಡಿಪಿಐ ಸ್ಕ್ಯಾನಿನಲ್ಲಿ ಅದು ಸುಮಾರು 260 ಪಿಕ್ಸೆಲ್. ಬಾಗಿಲ ಹತ್ತಿರದ ಫೋಟೋದಲ್ಲಿ ತಾತನ ತಲೆ 25 ಮಿಲಿಮೀಟರ್, ಅಂದರೆ ಸುಮಾರು 590 ಪಿಕ್ಸೆಲ್. 590ನ್ನು 260ಕ್ಕೆ ಇಳಿಸಬೇಕು, 44 ಪ್ರತಿಶತ. ಅರ್ಧಕ್ಕಿಂತ ಚಿಕ್ಕದಾದಾಗ ಆ ಅಲುಗಾಟ ಕಾಣಲೇ ಇಲ್ಲ. ಅಳೆಯುವಾಗ ಹಿಂದಿನ ಸಾಲಿನವರ ತಲೆಯನ್ನೇ ಅಳೆಯಿರಿ. ಮುಂದೆ ಕೂತವರ ತಲೆ ಕ್ಯಾಮೆರಾಗೆ ಹತ್ತಿರ, ಸ್ವಲ್ಪ ದೊಡ್ಡದಾಗಿ ಬಂದಿರುತ್ತದೆ. ಆಳಿನ ಎತ್ತರ ಹೆಚ್ಚುಕಮ್ಮಿ ಇದ್ದರೂ ದೊಡ್ಡವರ ತಲೆಯ ಅಳತೆಯಲ್ಲಿ ಅಷ್ಟೊಂದು ವ್ಯತ್ಯಾಸ ಇರಲ್ಲ. ಹಾಗಾಗಿ ಮೊದಲು ತಲೆಯಿಂದ ಅಳತೆ ಹೊಂದಿಸಿ, ಆಮೇಲೆ ಎತ್ತರ ನೋಡಿ ಮೇಲೆ ಕೆಳಗೆ ಸರಿಸಿ. ಚಿಕ್ಕಪ್ಪ ತಾತನಿಗಿಂತ ನಾಲ್ಕು ಬೆರಳು ಎತ್ತರ ಅಂತ ಅಜ್ಜಿ ಹೇಳಿದ್ದರಿಂದ ಅದೂ ಸಿಕ್ಕಿತು.

ನಿಲ್ಲಿಸುವ ಜಾಗವನ್ನು ಯೋಚಿಸಿ ಆರಿಸಿ. ಕೂತವರ ಹಿಂದೆ ನಿಲ್ಲಿಸಿದರೆ ಎದೆಯಿಂದ ಕೆಳಗೆ ಮುಚ್ಚಿಹೋಗುತ್ತದೆ. ಕೈ, ಕಾಲು, ಚಪ್ಪಲಿ, ನೆಲಕ್ಕೆ ಕಾಲು ಮುಟ್ಟುವ ಜಾಗ ಯಾವುದೂ ಬೇಕಾಗಲ್ಲ. ತುದಿಯಲ್ಲಿ ನಿಲ್ಲಿಸಿದರೆ ಅಷ್ಟೂ ಬೇಕು. ತಾತನ ಪದರಕ್ಕೆ `Add Layer Mask` ಹಾಕಿ, ಮೆತ್ತನೆ ಅಂಚಿನ ಚಿಕ್ಕ ಬ್ರಷ್ ಹಿಡಿದು, ಅಜ್ಜಿಯ ತಲೆ ಮತ್ತು ಹೆಗಲಿನ ಗುಂಟ ಕಪ್ಪು ಬಳಿಯುತ್ತಾ ಹೋದೆ. ಬಳಿದಷ್ಟು ಜಾಗದಲ್ಲಿ ತಾತ ಮರೆಯಾಗಿ ಅಜ್ಜಿ ಮುಂದೆ ಬರುತ್ತಾರೆ. ತಪ್ಪಾದರೆ ಬಿಳಿ ಬಳಿದರೆ ವಾಪಸ್. ರಬ್ಬರಿನಿಂದ ಅಳಿಸಬೇಡಿ, ಅಳಿಸಿದ್ದು ಹೋಯಿತು ಅಂದರೆ ಹೋಯಿತು.

ಆಮೇಲೆ ಬಣ್ಣ. ಹಳೆಯ ಫೋಟೋದಲ್ಲಿ ಕಪ್ಪು ಅನ್ನೋದು ಕಪ್ಪಾಗಿರಲ್ಲ. ನಮ್ಮದರಲ್ಲಿ ಅತಿ ಕಪ್ಪು ಜಾಗ ಅಂದರೆ ಅತ್ತೆಯ ಕೂದಲು, ಅದರ ಬೆಲೆ 50ರ ಹತ್ತಿರ ಬಂತು (0 ಅಂದರೆ ಕಡುಗಪ್ಪು, 255 ಅಂದರೆ ಅಚ್ಚ ಬಿಳಿ). ಅತಿ ಬಿಳಿ 225. ತಾತನ ಫೋಟೋದಲ್ಲಿ 15ರಿಂದ 245ರವರೆಗೆ ಇತ್ತು. ತಾತನ ಪದರ ಆರಿಸಿಕೊಂಡು `Levels` ತೆರೆದು, ಕೆಳಗಿರುವ `Output Levels`ನಲ್ಲಿ ಕಡಿಮೆಯದ್ದನ್ನು ಮೇಲಕ್ಕೂ ಹೆಚ್ಚಿನದ್ದನ್ನು ಕೆಳಕ್ಕೂ ಸ್ವಲ್ಪ ಸ್ವಲ್ಪವೇ ಎಳೆದೆ, ತಾತನ ಕೂದಲು 50ರ ಹತ್ತಿರ, ಅಂಗಿ 225ರ ಹತ್ತಿರ ಬರುವವರೆಗೆ. ಆಪ್‌ನಲ್ಲಿ ತಾತ ಎದ್ದು ಕಾಣುತ್ತಿದ್ದದ್ದು ಇದರಿಂದಲೇ. ಈ ಒಂದು ಕೆಲಸದಲ್ಲಿ ಅರ್ಧ ದೂರ ಬಂದ ಹಾಗಾಯಿತು.

ಮುಖದ ಎಡಭಾಗವನ್ನು ಸ್ವಲ್ಪ ಕಪ್ಪಗೆ ಮಾಡೋಕೆ ಮೇಲೊಂದು ಹೊಸ ಪದರ ಇಟ್ಟು, ನಡು ಬೂದು ತುಂಬಿ, ಅದರ `Mode` ಅನ್ನು `Soft light` ಮಾಡಿ, ಕಪ್ಪು ಬ್ರಷ್ಷಿನ `Opacity`ಯನ್ನು 8 ಪ್ರತಿಶತಕ್ಕೆ ಇಳಿಸಿ ಮೆಲ್ಲಗೆ ಸವರಿದೆ. ಮೂಗಿನ ಎಡಕ್ಕೆ, ಗಲ್ಲದ ಕೆಳಗೆ, ಎಡ ಕೆನ್ನೆಗೆ. ಪ್ರತಿ ಸಲ ಅತ್ತೆಯ ಮುಖ ನೋಡಿ, ಅಲ್ಲಿ ಎಷ್ಟಿದೆಯೋ ಅಷ್ಟೇ. ಇಲ್ಲಿ ಆಸೆಪಟ್ಟು ಜಾಸ್ತಿ ಮಾಡಿದರೆ ಮುಖ ಕೊಳಕಾಗಿ ಕಾಣುತ್ತದೆ.

ಇಷ್ಟಾದರೂ ತಾತ ಕಾಗದ ಕತ್ತರಿಸಿ ಅಂಟಿಸಿದ ಹಾಗೆಯೇ ಇದ್ದರು. ಎರಡು ಸಂಜೆ ಯಾಕೆ ಅಂತ ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು, ಎಲ್ಲರ ತಲೆಯ ನೆರಳು ಗೋಡೆ ಮೇಲೆ ಇದೆ, ತಾತನದ್ದು ಇಲ್ಲ. ತಾತನ ಆಕಾರವನ್ನೇ ನಕಲು ಮಾಡಿ, ಪೂರ್ತಿ ಕಪ್ಪು ತುಂಬಿ, ತಾತನ ಪದರದ ಕೆಳಗಿಟ್ಟು, ಪಕ್ಕದವರ ನೆರಳು ಎಷ್ಟು ದೂರ ಬಿದ್ದಿದೆಯೋ ಅಷ್ಟೇ ಎಡಕ್ಕೆ ಸರಿಸಿ, ಅಂಚು ಮಸುಕು ಮಾಡಿ, ಅವರ ನೆರಳಿನಷ್ಟೇ ತೆಳುವಾಗುವವರೆಗೆ ಇಳಿಸಿದೆ. ತಾತ ಗೋಡೆ ಮುಂದೆ ನಿಂತುಬಿಟ್ಟರು.

ಕೊನೆಗೆ ಕಣಕಣವಾದ ಆ ಹಳೆಯ ಫೋಟೋದ ಮೈ. ಚಿಕ್ಕದು ಮಾಡಿದ್ದರಿಂದ ತಾತ ಸುತ್ತಲಿನವರಿಗಿಂತ ಚೂಪಾಗಿ, ನಯವಾಗಿ ಕಾಣುತ್ತಿದ್ದರು. ಮೊದಲು `Gaussian Blur` 1 ಪಿಕ್ಸೆಲ್, ಆಮೇಲೆ `RGB Noise`ನಲ್ಲಿ ಬಣ್ಣ ಬೇರೆ ಬೇರೆ ಆಗದ ಹಾಗೆ `Independent RGB` ಆಯ್ಕೆಯ ಟಿಕ್ ತೆಗೆದು ಸ್ವಲ್ಪ ಕಣ. ಈ ಕ್ರಮ ಮುಖ್ಯ. ಮೊದಲು ಕಣ ಹಾಕಿ ಆಮೇಲೆ ಮಸುಕು ಮಾಡಿದರೆ ಕಣವೂ ಅಳಿಸಿಹೋಗುತ್ತದೆ.

ಸರಿಯಾಗಿದೆಯಾ ಅಂತ ನೋಡೋಕೆ ಎರಡು ಉಪಾಯ. ಪರದೆ ಮೇಲೆ ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ, ಕಣ್ಣು ಅರೆಮುಚ್ಚಿ ನೋಡಿ. ಒಬ್ಬರೇ ಎದ್ದು ಕಂಡರೆ ಬಣ್ಣ ಇನ್ನೂ ಹೊಂದಿಲ್ಲ. ಆಮೇಲೆ ಇಡೀ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಮುಖಗಳ ಕಡೆ ಗಮನ ಹೋಗಲ್ಲ, ಬೆಳಕು ನೆರಳಿನ ತಪ್ಪು ಥಟ್ಟನೆ ಕಾಣುತ್ತದೆ.

ಬೆರೆಸದೆ ಜೊತೆಗಿಡೋದು

ನಿಮ್ಮ ಹತ್ತಿರ ಇರೋದು ಒಂದೇ ಫೋಟೋ, ಅದೂ ಬೆಳಕು ಉಲ್ಟಾ ಅಥವಾ ತಲೆ ತೀರಾ ಚಿಕ್ಕದು ಅಂದರೆ ಮೇಲಿನ ಮೂರೂ ದಾರಿ ಬಿಟ್ಟುಬಿಡಿ ಅಂತಲೇ ನಾನು ಹೇಳೋದು. ಹಳೆಯ ಕಾಲದ ಗುಂಪಿನ ಫೋಟೋಗಳಲ್ಲಿ ಆ ದಿನ ಬಾರದವರ ಮುಖವನ್ನು ಮೇಲಿನ ಮೂಲೆಯಲ್ಲಿ ಒಂದು ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಇಡುತ್ತಿದ್ದರು, ನೋಡಿರುತ್ತೀರಿ. ಅದನ್ನೇ ಮಾಡಿ. ಬೆಳಕು, ಅಳತೆ, ನೆರಳು ಯಾವುದೂ ಹೊಂದಬೇಕಾಗಿಲ್ಲ, ಬಣ್ಣ ಒಂದು ಹೊಂದಿದರೆ ಸಾಕು. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಮತ್ತೆ ಇದರಲ್ಲಿ ತಾತ ಅಲ್ಲಿ ನಿಂತಿದ್ದರು ಅಂತ ಯಾರಿಗೂ ತಪ್ಪು ತಿಳಿಯಲ್ಲ. ಮನೆಯ ಹಿರಿಯರಿಗೆ ಫೋಟೋ ತಿದ್ದೋದೇ ಇಷ್ಟ ಇಲ್ಲ ಅಂದರೂ ಇದಕ್ಕೆ ಬೇಡ ಅನ್ನೋದು ಕಡಿಮೆ.

ಚಿತ್ರ ಬರೆಯುವವರಿಂದ ಇಡೀ ಗುಂಪನ್ನು ಪೆನ್ಸಿಲ್‌ನಲ್ಲಿ ಬರೆಸೋದು ಇನ್ನೊಂದು. ಎಲ್ಲರೂ ಒಂದೇ ಕೈಯಿಂದ ಬಂದಿರುವುದರಿಂದ ಹೊಂದಿಕೆಯ ಪ್ರಶ್ನೆಯೇ ಇರಲ್ಲ. ಆದರೆ ಹತ್ತು ಜನರ ಹೋಲಿಕೆಯೂ ಬರಬೇಕು, ಅದು ಎಲ್ಲರ ಕೈಗೂ ಒಲಿಯಲ್ಲ. ಅವರು ಬರೆದ ಚಿಕ್ಕ ಮುಖಗಳನ್ನು ಮೊದಲು ನೋಡದೆ ಒಪ್ಪಬೇಡಿ.

ಅಜ್ಜಿಗೆ ಹೇಳದೆ ಮಾಡಿ ಒಮ್ಮೆಲೇ ತೋರಿಸಬೇಕಾ ಅಂತ ಕೇಳುವವರಿಗೆ: ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಎತ್ತರ, ಬೈತಲೆ, ಜೇಬು, ಯಾವ ವಯಸ್ಸಿನಲ್ಲಿ ಹೇಗಿದ್ದರು, ಇದೆಲ್ಲ ಅವರಿಗೆ ಮಾತ್ರ ಗೊತ್ತು. ಅವರು ಪಕ್ಕದಲ್ಲಿ ಕೂತು ನೋಡಿದ ಮೇಲೆಯೇ ಅದು ತಾತ ಆದದ್ದು. ಅಚ್ಚರಿ ಹೋಯಿತು, ಹೋಗಲಿ.

ಪ್ರಿಂಟ್ 8×6ರಲ್ಲೇ ಹಾಕಿಸಿದೆ, ಮೂಲದಷ್ಟೇ. ದೊಡ್ಡದು ಮಾಡಿಸೋಕೆ ಪಿಕ್ಸೆಲ್ ಇದ್ದವು, ಆದರೆ ಅಜ್ಜಿ ಬೇಡ ಅಂದರು. ಹಿಂದೆ ಪೆನ್ಸಿಲ್‌ನಿಂದ ಹತ್ತೂ ಜನರ ಹೆಸರು ಬರೆದು, ತಾತನನ್ನು ಆಮೇಲೆ ಸೇರಿಸಿದ್ದು, ಸೇರಿಸಿದ ವರ್ಷ, ಮೂಲ ಫೋಟೋ ಬೇರೆ ಇದೆ ಅಂತಲೂ ಬರೆದೆ. ಇದನ್ನು ನೀವೂ ಬರೆಯಿರಿ. ಇನ್ನು 40 ವರ್ಷ ಆದ ಮೇಲೆ ನೋಡುವವರಿಗೆ ಹೇಳೋಕೆ ನಾವು ಇರಲ್ಲ.

ಪ್ರಿಂಟ್ ಹಾಕಿಸುವ ಹಿಂದಿನ ದಿನ ಒಂದು ಅನುಮಾನ ಉಳಿದಿತ್ತು. ತಾತ ಈಗ ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ, ಹಾಗಾದರೆ ಕೆಳಗಿರುವ ನೆರಳು ಯಾರದ್ದು? ಲೆಕ್ಕದ ಪ್ರಕಾರ ಅದು ಅಲ್ಲಿ ಇರಬಾರದು. ಅಜ್ಜಿಯನ್ನು ಕರೆದು, ಅದನ್ನು ದೊಡ್ಡದು ಮಾಡಿ ತೋರಿಸಿ ಕೇಳಿದೆ, "ಇದನ್ನು ತೆಗೆದುಬಿಡಲಾ ಅಜ್ಜಿ? ಇದು ತಾತನ ನೆರಳು."

"ಗೊತ್ತು ಕಣೋ" ಅಂದರು ಅಜ್ಜಿ. "ಇಷ್ಟು ವರ್ಷ ನಾನು ನೋಡ್ತಿದ್ದಿದ್ದು ಅದನ್ನೇ. ಇರಲಿ ಬಿಡು."

ಕ್ಲೋನ್ ಬ್ರಷ್ ಮುಚ್ಚಿ, ಹಾಗೇ ಪ್ರಿಂಟ್‌ಗೆ ಕಳಿಸಿದೆ.